ಆರು ತಿಂಗಳ ರಜೆಗೆ ಆಟೋ ರಿಪ್ಲೈ ಬರೆಯುವುದು ಹೇಗೆ?

ಪ್ರಶ್ನೆ: ನಾನು ಕಂಪನಿಯಲ್ಲಿ ಗ್ರಾಹಕರ ಆರ್ಡರ್, ಸಪ್ಲೈಯರ್‌ಗಳ ಬಿಲ್ ಎರಡನ್ನೂ ನೋಡಿಕೊಳ್ಳುತ್ತೇನೆ. 2026ರ ಜೂನ್ 1ರಿಂದ ಆರು ತಿಂಗಳು ರಜೆ. ಆಟೋ ರಿಪ್ಲೈಗೆ ಹೀಗೆ ಬರೆದಿಟ್ಟಿದ್ದೇನೆ: "ನಾನು 1/6ರಿಂದ 30/11ರವರೆಗೆ ರಜೆಯಲ್ಲಿದ್ದೇನೆ. ಬಂದ ಮೇಲೆ ಉತ್ತರಿಸುತ್ತೇನೆ. ತುರ್ತು ಇದ್ದರೆ ನನ್ನ ಸಹೋದ್ಯೋಗಿಯನ್ನು ಸಂಪರ್ಕಿಸಿ." ಇದರ ಜೊತೆ ಸಹೋದ್ಯೋಗಿಯ ಹೆಸರು, ಮೇಲ್ ಐಡಿ ಹಾಕುತ್ತೇನೆ. ಆದರೆ ಅವರು ಸೆಪ್ಟೆಂಬರ್‌ನಲ್ಲಿ ಬೇರೆ ವಿಭಾಗಕ್ಕೆ ಹೋಗಬಹುದು. ನನ್ನ ರಜೆಯೂ ಎರಡು ವಾರ ಮುಂದೆ ಹೋಗಬಹುದು. ಇಷ್ಟು ಬರೆದರೆ ಸಾಕಾ?

ಉತ್ತರ: ಸಾಲದು. ನಾಲ್ಕು ದಿನ ರಜೆ ಹಾಕುವವರಿಗೆ ಈ ಮೂರು ಸಾಲು ಚೆನ್ನಾಗಿಯೇ ಇವೆ. ಆರು ತಿಂಗಳಿಗೆ ಇದೇ ಸಾಲುಗಳು ಓದುವವರನ್ನು ದಾರಿ ತಪ್ಪಿಸುತ್ತವೆ.

ಚಿಕ್ಕ ರಜೆಯ ಸಂದೇಶ ಓದಿದವರು "ಸರಿ, ಸೋಮವಾರದವರೆಗೆ ಕಾಯೋಣ" ಅಂದುಕೊಳ್ಳುತ್ತಾರೆ. ಅಲ್ಲಿ ಕಾಯುವುದೇ ಸರಿ. ಆರು ತಿಂಗಳು ಯಾರೂ ಕಾಯಬಾರದು. ನಿಮಗೆ ಬರೆದವರು ಅದೇ ದಿನ ಇನ್ನೊಬ್ಬರಿಗೆ ಬರೆಯುವಂತೆ ಮಾಡುವುದಷ್ಟೇ ಈ ಸಂದೇಶದ ಕೆಲಸ. ಜೊತೆಗೆ ಜೂನ್‌ನಲ್ಲಿ ನಿಜವಾಗಿದ್ದ ಮಾತು ನವೆಂಬರ್‌ನಲ್ಲೂ ನಿಜವಾಗಿರಬೇಕು. ಈ ಎರಡನ್ನು ಇಟ್ಟುಕೊಂಡು ನಿಮ್ಮ ಸಾಲುಗಳನ್ನು ನೋಡೋಣ.

ಮೊದಲು "ಬಂದ ಮೇಲೆ ಉತ್ತರಿಸುತ್ತೇನೆ" ತೆಗೆದುಬಿಡಿ. ಜೂನ್ 3ಕ್ಕೆ ಒಬ್ಬ ಗ್ರಾಹಕ ಆರ್ಡರ್ ಬದಲಾಯಿಸಬೇಕು ಅಂತ ಬರೆದ ಅಂದುಕೊಳ್ಳಿ. ಈ ಸಾಲು ಓದಿದರೆ ತನ್ನ ಮೇಲ್ ಎಲ್ಲೋ ಸಾಲಿನಲ್ಲಿ ನಿಂತಿದೆ, ಯಾರೋ ನೋಡುತ್ತಾರೆ ಅಂತ ಅವನಿಗೆ ಅನಿಸುತ್ತದೆ. ವಾಸ್ತವದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಡಿಸೆಂಬರ್‌ನಲ್ಲಿ ನೀವು ಬಂದಾಗ ಇನ್‌ಬಾಕ್ಸ್‌ನಲ್ಲಿ ಸಾವಿರಾರು ಮೇಲ್ ಬಿದ್ದಿರುತ್ತವೆ. ಅವುಗಳಲ್ಲಿ ಜಾಸ್ತಿ ಭಾಗಕ್ಕೆ ಆಗ ಅರ್ಥವೇ ಉಳಿದಿರುವುದಿಲ್ಲ. ಹಾಗಾಗಿ ನೇರವಾಗಿ ಬರೆಯಿರಿ: ಈ ಮೇಲನ್ನು ಯಾರೂ ಓದುತ್ತಿಲ್ಲ, ಇದು ತಾನಾಗಿ ಬೇರೆಯವರಿಗೂ ಹೋಗುವುದಿಲ್ಲ, ದಯವಿಟ್ಟು ಈ ವಿಳಾಸಕ್ಕೆ ಮತ್ತೆ ಕಳಿಸಿ. ಬರೆಯುವಾಗ ಸ್ವಲ್ಪ ಕಟುವಾಗಿ ಕಾಣುತ್ತದೆ. ಓದುವವರಿಗೆ ಮಾತ್ರ ಇದರಿಂದಲೇ ದೊಡ್ಡ ಉಪಕಾರ, ಮುಂದೆ ಏನು ಮಾಡಬೇಕು ಅನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ.

"ತಾನಾಗಿ ಹೋಗುವುದಿಲ್ಲ" ಅಂತ ಬರೆಯುವ ಮುಂಚೆ ಅದು ನಿಜವಾ ಅಂತ ಆಫೀಸಿನಲ್ಲಿ ತೀರ್ಮಾನ ಮಾಡಿಕೊಳ್ಳಿ. ಕೆಲವು ಕಡೆ ರಜೆ ಹೋದವರ ಎಲ್ಲ ಮೇಲ್ ಸಹೋದ್ಯೋಗಿಗೆ ಫಾರ್ವರ್ಡ್ ಆಗುವಂತೆ ಇಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಸಂಬಳದ ವಿಷಯ, ರಜೆಯ ಕಾಗದಪತ್ರ, ನಿಮಗೆ ಮಾತ್ರ ಅಂತ ಬರೆದ ಮೇಲ್ ಎಲ್ಲವೂ ಇನ್ನೊಬ್ಬರ ಮುಂದೆ ಬೀಳುತ್ತವೆ. ಸಂದೇಶದಲ್ಲಿ "ಮತ್ತೆ ಕಳಿಸಿ" ಅಂತಲೂ ಇದ್ದು ಇತ್ತ ಫಾರ್ವರ್ಡ್ ಕೂಡ ಆಗುತ್ತಿದ್ದರೆ, ಒಂದೇ ಆರ್ಡರ್ ಎರಡು ಸಲ ಬರುತ್ತದೆ. ಎರಡು ಸಲ ದಾಖಲಾಗುವ ಅಪಾಯವೂ ಇದೆ. ಯಾವುದಾದರೂ ಒಂದನ್ನು ಆರಿಸಿ. ನನ್ನ ಸಲಹೆ: ಫಾರ್ವರ್ಡ್ ಬೇಡ, ಮತ್ತೆ ಕಳಿಸಲು ಹೇಳಿ.

ಇನ್ನು "ತುರ್ತು ಇದ್ದರೆ". ಈ ಪದ ಆರು ತಿಂಗಳ ಸಂದೇಶದಲ್ಲಿ ಇರಲೇಬಾರದು. ನಿಮ್ಮ ಎಲ್ಲ ಕೆಲಸವನ್ನೂ ಬೇರೆಯವರಿಗೆ ಒಪ್ಪಿಸಿ ಹೋಗುತ್ತಿದ್ದೀರಿ ಅಲ್ವಾ? ಹಾಗಿದ್ದರೆ ತುರ್ತು ಇರಲಿ ಬಿಡಲಿ, ಎಲ್ಲವೂ ಅವರಿಗೇ ಹೋಗಬೇಕು. "ತುರ್ತು ಇದ್ದರೆ" ಅಂತ ಓದಿದ ಸಂಕೋಚದ ಮನುಷ್ಯ "ನನ್ನದೇನು ಅಂಥ ತುರ್ತಲ್ಲ" ಅಂತ ಸುಮ್ಮನಾಗುತ್ತಾನೆ. ಅವನ ಬಿಲ್ ಮೂರು ತಿಂಗಳು ಹಾಗೇ ಉಳಿಯುತ್ತದೆ.

ಈಗ ನಿಮ್ಮ ಬದಲಿಗೆ ಯಾರನ್ನು ತೋರಿಸಬೇಕು ಅನ್ನುವ ಪ್ರಶ್ನೆ. ಇಡೀ ಸಂದೇಶದಲ್ಲಿ ಜಾಸ್ತಿ ಯೋಚಿಸಬೇಕಾದ ಜಾಗ ಇದೇ.

ಸಹೋದ್ಯೋಗಿ ಸೆಪ್ಟೆಂಬರ್‌ನಲ್ಲಿ ಹೋಗಬಹುದು ಅಂತ ನೀವೇ ಹೇಳಿದ್ದೀರಿ. ಅವರು ಹೋಗದಿದ್ದರೂ ಆರು ತಿಂಗಳಲ್ಲಿ ಅವರಿಗೂ ಒಂದಷ್ಟು ದಿನ ರಜೆ ಬೀಳುತ್ತದೆ. ಆಗ ಅವರ ಆಟೋ ರಿಪ್ಲೈ ಮೂರನೆಯವರ ಕಡೆ ಕೈ ತೋರಿಸುತ್ತದೆ. ಹಳೆಯ ಸಂದೇಶವನ್ನು ಬದಲಿಸದೇ ಬಿಟ್ಟಿದ್ದರೆ ನಿಮ್ಮ ಕಡೆಗೇ ತೋರಿಸುವುದೂ ಉಂಟು. ಆದ್ದರಿಂದ ದೀರ್ಘ ರಜೆಗೆ ಒಬ್ಬ ವ್ಯಕ್ತಿಯ ವಿಳಾಸಕ್ಕಿಂತ ಕೆಲಸದ ಹೆಸರಿನ ವಿಳಾಸ ಒಳ್ಳೆಯದು. ನಿಮ್ಮ ಲೆಕ್ಕದಲ್ಲಿ ಎರಡು ಬೇಕು: ಆರ್ಡರ್‌ಗೆ orders@example.com, ಬಿಲ್‌ಗೆ bills@example.com ಅನ್ನುವ ಥರ. ಅದರ ಹಿಂದೆ ಕೂತವರು ಬದಲಾದರೂ ವಿಳಾಸ ಬದಲಾಗುವುದಿಲ್ಲ, ನಿಮ್ಮ ಸಂದೇಶ ಸುಳ್ಳಾಗುವುದಿಲ್ಲ. ಇಂಥ ವಿಳಾಸ ಇನ್ನೂ ಇಲ್ಲದಿದ್ದರೆ ನಿಮ್ಮ ಮೇಲ್ ವ್ಯವಸ್ಥೆ ನೋಡಿಕೊಳ್ಳುವವರನ್ನು ಈಗಲೇ ಕೇಳಿ.

ಕೇಳುವಾಗ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು: ಹೊರಗಿನವರು ಕಳಿಸಿದ ಮೇಲ್ ಕೂಡ ಇಲ್ಲಿಗೆ ಬರಬೇಕು. ಮೈಕ್ರೋಸಾಫ್ಟ್ 365ರಲ್ಲಿ ಹೊಸದಾಗಿ ಮಾಡಿದ ಗುಂಪಿನ ವಿಳಾಸ ಸಾಮಾನ್ಯವಾಗಿ ಸಂಸ್ಥೆಯ ಒಳಗಿನವರ ಮೇಲನ್ನು ಮಾತ್ರ ತೆಗೆದುಕೊಳ್ಳುತ್ತದೆ. ಹೊರಗಿನವರಿಗೂ ತೆರೆಯಬೇಕು ಅಂದರೆ ಆ ಸೆಟ್ಟಿಂಗ್ ಬೇರೆಯಾಗಿ ಬದಲಿಸಬೇಕು. ಗೂಗಲ್ ಗ್ರೂಪ್ಸ್‌ನಲ್ಲೂ ಯಾರು ಬರೆಯಬಹುದು ಅನ್ನುವ ಆಯ್ಕೆ ಇದೆ. ಇದನ್ನು ನೋಡದೇ ಬಿಟ್ಟರೆ ಏನಾಗುತ್ತದೆ ಗೊತ್ತಾ? ನೀವು ಆಫೀಸಿನಿಂದ ಪರೀಕ್ಷೆ ಮಾಡಿದಾಗ ಮೇಲ್ ಸರಾಗವಾಗಿ ತಲುಪುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಗ್ರಾಹಕ ಕಳಿಸಿದರೆ ಮಾತ್ರ ವಾಪಸ್ ಹೊಡೆಯುತ್ತದೆ. ಅವನಿಗೆ ನಿಮ್ಮ ಬಾಗಿಲೂ ಮುಚ್ಚಿದೆ, ನೀವು ತೋರಿಸಿದ ಬಾಗಿಲೂ ಮುಚ್ಚಿದೆ. ಹಾಗಾಗಿ ನಿಮ್ಮ ಸ್ವಂತ ಮೇಲ್ ಐಡಿಯಿಂದ, ಅಂದರೆ ಕಂಪನಿಯದ್ದಲ್ಲದ ಐಡಿಯಿಂದ, ಎರಡೂ ವಿಳಾಸಗಳಿಗೆ ಒಂದೊಂದು ಮೇಲ್ ಕಳಿಸಿ. ತಲುಪಿದರಷ್ಟೇ ಸಾಲದು. ಓದಿ ಉತ್ತರ ಬರೆಯಲು ಯಾರಿಗೆ ಆಗುತ್ತದೆ ಅಂತ ನೋಡಿ, ಅವರಿಂದ ಒಂದು ಉತ್ತರ ತರಿಸಿಕೊಳ್ಳಿ.

ಕೆಲಸದ ಹೆಸರಿನ ವಿಳಾಸ ಮಾಡಿಸಲು ಆಗದಿದ್ದರೆ ವ್ಯಕ್ತಿಯ ಹೆಸರನ್ನೇ ಹಾಕಿ, ತೊಂದರೆ ಇಲ್ಲ. ಆಗ ಇಬ್ಬರ ಹೆಸರು ಇರಲಿ, ಯಾವ ಕೆಲಸಕ್ಕೆ ಯಾರು ಅಂತ ಬಿಡಿಸಿ ಬರೆಯಿರಿ. "ಇವರನ್ನು ಅಥವಾ ಅವರನ್ನು ಕೇಳಿ" ಅಂತ ಬರೆದರೆ ಜನ ಇಬ್ಬರಿಗೂ ಕಳಿಸುತ್ತಾರೆ. ಮಾಡೋದು ಅವರು ಅಂತ ಇವರು, ಇವರು ಅಂತ ಅವರು ಬಿಟ್ಟುಬಿಡುತ್ತಾರೆ. ಮೂರು ನಾಲ್ಕು ಹೆಸರು ಹಾಕುವುದಂತೂ ಬೇಡವೇ ಬೇಡ. ಹೊರಗಿನವರಿಗೆ ನಿಮ್ಮ ಕಂಪನಿಯ ವಿಭಾಗಗಳ ಪರಿಚಯ ಇರುವುದಿಲ್ಲ. "ಆರ್ಡರ್", "ಬಿಲ್" ಅಂತ ಅವರಿಗೆ ಗೊತ್ತಿರುವ ಮಾತಿನಲ್ಲೇ ದಾರಿ ತೋರಿಸಿ.

ಹೆಸರು ಹಾಕುವ ಮುಂಚೆ ಅವರನ್ನು ಕೇಳಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಕೇಳಿದ್ದು "ನಿನ್ನ ಹೆಸರು ಹಾಕಲಾ?" ಅಂತ ಇದ್ದರೆ ಅವರು "ಹಾಕು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕೇಳಬೇಕಾದ್ದು ಬೇರೆ. ಆರ್ಡರ್ ರದ್ದು ಮಾಡುವ ಅಧಿಕಾರ ಅವರಿಗೆ ಇದೆಯಾ? ಹಳೆಯ ಬಿಲ್‌ಗಳು ಇರುವ ಫೋಲ್ಡರ್ ಅವರಿಗೆ ತೆರೆಯುತ್ತದಾ? ಎಷ್ಟು ದಿನದ ಒಳಗೆ ಉತ್ತರ ಕೊಡಬಲ್ಲರು? ಇವುಗಳಲ್ಲಿ ಯಾವುದಕ್ಕಾದರೂ ಉತ್ತರ "ಇಲ್ಲ" ಅಂತ ಬಂದರೆ ಅದನ್ನು ಸರಿ ಮಾಡಿ ಹೋಗಬೇಕಾದವರು ನೀವೇ. ಇಲ್ಲದಿದ್ದರೆ ಗ್ರಾಹಕ ಅವರಿಗೆ ಬರೆಯುತ್ತಾನೆ, "ಅವರು ಬಂದ ಮೇಲೆ ಹೇಳ್ತೀವಿ" ಅಂತ ಉತ್ತರ ಬರುತ್ತದೆ. ಮಾತು ಮತ್ತೆ ಡಿಸೆಂಬರ್‌ಗೆ ಬಂದು ನಿಲ್ಲುತ್ತದೆ.

ವಾಪಸ್ ಬರುವ ದಿನಕ್ಕೆ ಬರೋಣ. 1/6 ಅಂತ ಅಂಕಿಯಲ್ಲಿ ಬರೆಯಬೇಡಿ. ಕೆಲವು ದೇಶಗಳಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ, ಅವರು ಇದನ್ನು ಜನವರಿ 6 ಅಂತ ಓದುತ್ತಾರೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ಗೊಂದಲವೇ ಇಲ್ಲ. ವರ್ಷವನ್ನೂ ಸೇರಿಸಿ. ರಜೆ ಶುರುವಾದ ದಿನ ಹಾಕುವುದು ಬಿಡುವುದು ನಿಮ್ಮಿಷ್ಟ, ಓದುವವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

"30/11ರವರೆಗೆ ರಜೆ" ಅನ್ನುವುದರಲ್ಲಿ ಇನ್ನೊಂದು ತೊಡಕಿದೆ. ಅದು ರಜೆ ಮುಗಿಯುವ ದಿನ. ನೀವು ಕೆಲಸಕ್ಕೆ ಬರುವ ದಿನ ಡಿಸೆಂಬರ್ 1, ಮಂಗಳವಾರ. ಆದರೆ ಆವತ್ತು ಬೆಳಿಗ್ಗೆಯೇ ನೀವು ಗ್ರಾಹಕರಿಗೆ ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ಪಾಸ್‌ವರ್ಡ್ ಮರುಹೊಂದಿಸಬೇಕು, ಆರು ತಿಂಗಳಲ್ಲಿ ಏನೇನು ಬದಲಾಗಿದೆ ಅಂತ ಕೇಳಿಕೊಳ್ಳಬೇಕು, ಕೆಲಸ ವಾಪಸ್ ವಹಿಸಿಕೊಳ್ಳಬೇಕು. ಇದಕ್ಕೆ ಒಂದು ವಾರ ಹಿಡಿಯುತ್ತದೆ. ಹೊರಗಿನವರಿಗೆ ಬೇಕಾಗಿರುವುದು ನೀವು ನಿಜವಾಗಿ ಸಿಗುವ ದಿನ. ನಿಮ್ಮ ರಜೆ ಎರಡು ವಾರ ಮುಂದೆ ಹೋಗುವ ಸಾಧ್ಯತೆಯೂ ಇದೆ. ಹಾಗಾಗಿ ಒಂದು ತಾರೀಕಿಗೆ ಗಂಟು ಹಾಕಿಕೊಳ್ಳದೇ "2026ರ ಡಿಸೆಂಬರ್ ಮಧ್ಯದ ಹೊತ್ತಿಗೆ ಕೆಲಸಕ್ಕೆ ಮರಳುವ ನಿರೀಕ್ಷೆ ಇದೆ" ಅಂತ ಬರೆಯಿರಿ. ಬೇಗ ಬಂದರೆ ಯಾರಿಗೂ ನಷ್ಟವಿಲ್ಲ. ತಡವಾಗಿ ಬಂದರೆ ಮಾತಿಗೆ ತಪ್ಪಿದ ಹಾಗೆ ಆಗುತ್ತದೆ.

ಈ ದಿನ ಓದುವವರಿಗೆ ಯಾಕೆ ಬೇಕು ಅಂತಲೂ ಯೋಚಿಸಿ. ಕಾಯಲಿಕ್ಕೆ ಅಲ್ಲ. ನಿಮ್ಮ ಜೊತೆಗೇ ಮಾತಾಡಬೇಕಾದ ಕೆಲವು ವಿಷಯ ಇರುತ್ತವೆ, ಉದಾಹರಣೆಗೆ ಮುಂದಿನ ವರ್ಷದ ಒಪ್ಪಂದದ ಮಾತು. ಅದನ್ನು ಈಗ ಬೇರೆಯವರ ಜೊತೆ ಶುರು ಮಾಡಬೇಕಾ, ಅಥವಾ ನಿಮಗಾಗಿ ಇಟ್ಟುಕೊಳ್ಳಬೇಕಾ ಅಂತ ತೀರ್ಮಾನಿಸಲು ಈ ದಿನ ಬೇಕು. ಅಷ್ಟಕ್ಕೆ "ಡಿಸೆಂಬರ್ ಮಧ್ಯ" ಧಾರಾಳವಾಗಿ ಸಾಕು. ವಾಪಸಾತಿ ದಿನ ಗೊತ್ತೇ ಇಲ್ಲದ ರಜೆಯೂ ಇರುತ್ತದೆ, ಕಾಯಿಲೆಯ ರಜೆ ಹಾಗೆ. ಅಂಥವರು "ಮರಳುವ ದಿನ ಇನ್ನೂ ನಿಗದಿಯಾಗಿಲ್ಲ" ಅಂತ ಇದ್ದದ್ದು ಇದ್ದ ಹಾಗೆ ಬರೆಯಬಹುದು. ಸುಮ್ನೆ ಒಂದು ತಾರೀಕು ಹಾಕಿ ಪ್ರತಿ ತಿಂಗಳೂ ಮುಂದೂಡುವುದಕ್ಕಿಂತ ಇದು ಎಷ್ಟೋ ವಾಸಿ. ರಜೆ ಯಾಕೆ ಅನ್ನುವ ಕಾರಣ ಯಾರಿಗೂ ಹೇಳಬೇಕಾಗಿಲ್ಲ. ಈ ಸಂದೇಶ ಅಪರಿಚಿತರಿಗೂ ಹೋಗುತ್ತದೆ ಅನ್ನುವುದು ನೆನಪಿರಲಿ.

ಇಷ್ಟು ಬರೆಯುವ ಮಾತಾಯಿತು. ಇನ್ನು ಅದನ್ನು ಕಳಿಸುವ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿದಿರಬೇಕು. ದೀರ್ಘ ರಜೆಯಲ್ಲಿ ಎಡವಟ್ಟು ಆಗುವುದು ಹೆಚ್ಚಾಗಿ ಇಲ್ಲೇ.

ಔಟ್‌ಲುಕ್‌ನ Automatic Replies ಒಬ್ಬ ವ್ಯಕ್ತಿಗೆ ಒಂದೇ ಸಲ ಹೋಗುತ್ತದೆ. ಅದನ್ನು ಆಫ್ ಮಾಡುವವರೆಗೆ ಅದೇ ವ್ಯಕ್ತಿಗೆ ಮತ್ತೆ ಹೋಗುವುದಿಲ್ಲ. ಒಂದು ವಾರದ ರಜೆಗೆ ಇದು ಸರಿ. ಆರು ತಿಂಗಳಿಗೆ ನೋಡಿ: ಜೂನ್ 2ಕ್ಕೆ ನಿಮಗೆ ಬರೆದ ಸಪ್ಲೈಯರ್‌ಗೆ ಸಂದೇಶ ತಲುಪಿತು. ಅವರು ಅಕ್ಟೋಬರ್‌ನಲ್ಲಿ ಮರೆತು ಮತ್ತೆ ನಿಮಗೇ ಬರೆದರು. ಈ ಸಲ ಯಾವ ಉತ್ತರವೂ ಇಲ್ಲ. ನೀವು ಮರಳಿದ್ದೀರಿ, ಬೇಕಂತಲೇ ಉತ್ತರ ಕೊಡುತ್ತಿಲ್ಲ ಅಂತ ಅವರು ತಿಳಿದರೆ ತಪ್ಪು ಅವರದ್ದಲ್ಲ. ಮಧ್ಯೆ ನೀವು ಸಂಪರ್ಕದ ಹೆಸರು ಬದಲಿಸಿದ್ದರೂ ಅಷ್ಟೇ, ಮೊದಲ ಸಂದೇಶ ಪಡೆದವರಿಗೆ ಹೊಸದು ತಲುಪುವುದಿಲ್ಲ. ಪರಿಹಾರ ಸುಲಭ. ಆಟೋ ರಿಪ್ಲೈಯನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಈಗಾಗಲೇ ಯಾರಿಗೆಲ್ಲ ಉತ್ತರ ಹೋಗಿದೆ ಅನ್ನುವ ಪಟ್ಟಿ ಅಳಿಸಿಹೋಗುತ್ತದೆ, ಎಲ್ಲರಿಗೂ ಮೊದಲಿನಿಂದ ಹೋಗಲು ಶುರುವಾಗುತ್ತದೆ. ಸಂದೇಶದ ಮಾತು ಬದಲಿಸದಿದ್ದರೂ ತಿಂಗಳಿಗೊಮ್ಮೆ ಹೀಗೆ ಮಾಡಿಸಿ.

ಜಿಮೇಲ್‌ನ Vacation responder ಬೇರೆ ಥರ. ಅದೇ ವ್ಯಕ್ತಿ ನಾಲ್ಕು ದಿನ ಕಳೆದ ಮೇಲೆ ಮತ್ತೆ ಬರೆದರೆ ಮತ್ತೆ ಉತ್ತರ ಹೋಗುತ್ತದೆ. ನೀವು ಸಂದೇಶ ತಿದ್ದಿದರೆ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ದೀರ್ಘ ರಜೆಗೆ ಅದರಲ್ಲಿ ಈ ತೊಂದರೆ ಇಲ್ಲ.

ಆದರೆ ಮುಗಿಯುವ ದಿನದ ತೊಂದರೆ ಎರಡರಲ್ಲೂ ಇದೆ. ಜಿಮೇಲ್‌ನಲ್ಲಿ Last day ಅಂತ ನವೆಂಬರ್ 30 ಹಾಕಿದರೆ ಆ ರಾತ್ರಿ 11:59ಕ್ಕೆ ಉತ್ತರ ಹೋಗುವುದು ನಿಲ್ಲುತ್ತದೆ. ಔಟ್‌ಲುಕ್‌ನಲ್ಲೂ ಅವಧಿ ಹಾಕಿದರೆ ಹಾಗೇ. ನಿಮ್ಮ ರಜೆ ಎರಡು ವಾರ ಮುಂದೆ ಹೋಯಿತು ಅನ್ನಿ. ಡಿಸೆಂಬರ್ 1ರಿಂದ ಬರೆದವರಿಗೆ ಯಾವ ಉತ್ತರವೂ ಹೋಗುವುದಿಲ್ಲ, ನಿಮಗೂ ಅದು ಗೊತ್ತಾಗುವುದಿಲ್ಲ. ನನ್ನ ಪ್ರಕಾರ ಮುಗಿಯುವ ದಿನವನ್ನು ಹಾಕಲೇಬಾರದು. ಜಿಮೇಲ್‌ನಲ್ಲಿ Last day ಖಾಲಿ ಬಿಡಬಹುದು, ಔಟ್‌ಲುಕ್‌ನಲ್ಲಿ ಅವಧಿಯ ಆಯ್ಕೆಗೆ ಟಿಕ್ ಹಾಕದೇ ಬಿಡಬಹುದು. ವಾಪಸ್ ಬಂದು ಕೆಲಸ ವಹಿಸಿಕೊಂಡ ಮೇಲೆ ಕೈಯಾರೆ ಆಫ್ ಮಾಡಿ. ಬಂದ ಮೇಲೆ ಎರಡು ದಿನ ಜಾಸ್ತಿ ಹೋದರೆ ಆಗುವ ನಷ್ಟ ಕಡಿಮೆ, ಬರುವ ಮುಂಚೆಯೇ ನಿಂತರೆ ಆಗುವ ನಷ್ಟ ದೊಡ್ಡದು.

ಇನ್ನೊಂದು ವಿಷಯ ಉದ್ದಕ್ಕೆ ಸಂಬಂಧಿಸಿದ್ದು. ಔಟ್‌ಲುಕ್ ಬಳಸುವ ಸಹೋದ್ಯೋಗಿ ನಿಮ್ಮ ಹೆಸರನ್ನು To ಜಾಗದಲ್ಲಿ ಹಾಕುತ್ತಿದ್ದ ಹಾಗೇ, ಮೇಲ್ ಕಳಿಸುವ ಮುಂಚೆಯೇ, ನಿಮ್ಮ ಆಟೋ ರಿಪ್ಲೈನ ಶುರುವಿನ ಭಾಗ ಮೇಲೆ ಕಾಣಿಸುತ್ತದೆ. ಅದು ತೋರಿಸುವುದು ಮೊದಲ 175 ಅಕ್ಷರ ಮಾತ್ರ. ಫೋನಿನ ಸೂಚನೆಯಲ್ಲಿ ಕಾಣುವುದು ಅದಕ್ಕಿಂತ ಕಡಿಮೆ. ಆ ಜಾಗವನ್ನು "ನಿಮ್ಮ ಮೇಲ್‌ಗೆ ತುಂಬಾ ಧನ್ಯವಾದಗಳು, ನಿಮ್ಮ ಸಂದೇಶ ನಮಗೆ ಮುಖ್ಯ" ಅಂತ ತುಂಬಿಸಿದರೆ ಮುಖ್ಯ ಮಾತು ಕಾಣುವುದೇ ಇಲ್ಲ. ಮೊದಲ ಸಾಲು ರಜೆ, ಎರಡನೇ ಸಾಲು ಎಲ್ಲಿಗೆ ಬರೆಯಬೇಕು. ಧನ್ಯವಾದ ಕೊನೆಯಲ್ಲಿರಲಿ.

ಔಟ್‌ಲುಕ್‌ನಲ್ಲಿ ಒಳಗಿನವರಿಗೆ, ಹೊರಗಿನವರಿಗೆ ಬೇರೆ ಬೇರೆ ಸಂದೇಶ ಇಡಬಹುದು. ಇಡಿ. ಹೊರಗಿನವರಿಗೆ ಹೋಗುವುದು ಹೀಗಿರಲಿ:

> ನಾನು ದೀರ್ಘ ರಜೆಯಲ್ಲಿದ್ದೇನೆ. ಈ ಮೇಲನ್ನು ಯಾರೂ ಓದುತ್ತಿಲ್ಲ, ಇದು ತಾನಾಗಿ ಬೇರೆಯವರಿಗೆ ಹೋಗುವುದೂ ಇಲ್ಲ. ದಯವಿಟ್ಟು ಮತ್ತೆ ಕಳಿಸಿ:
>
> ಆರ್ಡರ್, ಸಾಗಣೆ, ರದ್ದತಿ: orders@example.com
> ಬಿಲ್, ಪಾವತಿ: bills@example.com
>
> ಎರಡೂ ಕಡೆ ಕೆಲಸದ ದಿನಗಳಲ್ಲಿ ನೋಡುತ್ತಾರೆ, ಎರಡು ದಿನದೊಳಗೆ ಉತ್ತರ ಬರುತ್ತದೆ. ಹಳೆಯ ಮೇಲ್‌ಗಳ ಬಗ್ಗೆ ಬರೆಯುವಾಗ ಆರ್ಡರ್ ನಂಬರ್ ಅಥವಾ ಬಿಲ್ ನಂಬರ್ ಸೇರಿಸಿ.
>
> ನಾನು 2026ರ ಡಿಸೆಂಬರ್ ಮಧ್ಯದ ಹೊತ್ತಿಗೆ ಕೆಲಸಕ್ಕೆ ಮರಳುವ ನಿರೀಕ್ಷೆ ಇದೆ. ನನ್ನ ಜೊತೆಗೇ ಮಾತಾಡಬೇಕಾದ ವಿಷಯವಿದ್ದರೆ ಆಮೇಲೆ ಇನ್ನೊಮ್ಮೆ ಬರೆಯಿರಿ. ಧನ್ಯವಾದ.

"ಎರಡು ದಿನದೊಳಗೆ" ಅನ್ನುವುದು ಅಲ್ಲಿ ಕೂರುವವರು ಒಪ್ಪಿದ್ದರೆ ಮಾತ್ರ. ಒಪ್ಪದಿದ್ದರೆ ಆ ಸಾಲು ತೆಗೆಯಿರಿ, ಅವರ ಪರವಾಗಿ ನೀವು ಮಾತು ಕೊಡಬೇಡಿ. ಆರ್ಡರ್ ನಂಬರ್ ಸೇರಿಸಿ ಅನ್ನುವ ಸಾಲನ್ನು ಮಾತ್ರ ಬಿಡಬೇಡಿ. ನಿಮಗೆ ಬರೆಯುವವರು "ಹೋದ ವಾರ ಮಾತಾಡಿದ ವಿಷಯ ಏನಾಯಿತು?" ಅಂತಷ್ಟೇ ಬರೆದು ಅಭ್ಯಾಸ. ನಿಮಗೆ ಅರ್ಥವಾಗುತ್ತದೆ, ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ.

ಒಳಗಿನವರಿಗೆ ಇನ್ನೂ ಚಿಕ್ಕದು ಸಾಕು:

> ನಾನು ದೀರ್ಘ ರಜೆಯಲ್ಲಿದ್ದೇನೆ, ಮೇಲ್ ನೋಡುತ್ತಿಲ್ಲ. ಆರ್ಡರ್ ವಿಷಯ orders@example.com ಗೆ, ಬಿಲ್ ವಿಷಯ bills@example.com ಗೆ ಬರೆಯಿರಿ. ಉಳಿದದ್ದಕ್ಕೆ ನಮ್ಮ ವಿಭಾಗದ ಮ್ಯಾನೇಜರ್‌ರನ್ನು ಕೇಳಿ. ಮರಳುವ ನಿರೀಕ್ಷೆ: 2026ರ ಡಿಸೆಂಬರ್ ಮಧ್ಯ.

ಜಿಮೇಲ್‌ನಲ್ಲಿ ಹೀಗೆ ಎರಡು ಸಂದೇಶ ಇಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಅಲ್ಲಿ ಹೊರಗಿನವರ ಸಂದೇಶವನ್ನೇ ಎಲ್ಲರಿಗೂ ಇಟ್ಟರೆ ಸರಿ. ವಿಷಯದ ಸಾಲಿನಲ್ಲಿ "ದೀರ್ಘ ರಜೆ: orders@example.com ಅಥವಾ bills@example.com ಗೆ ಬರೆಯಿರಿ" ಅಂತಲೇ ಹಾಕಿ. ತೆರೆಯದೇ ಇರುವವರಿಗೂ ದಾರಿ ಕಾಣುತ್ತದೆ.

ನೀವು ಬಿಲ್ ನೋಡಿಕೊಳ್ಳುವವರು ಆದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಪಾವತಿ ನೋಡುವವರು ತಿಂಗಳುಗಟ್ಟಲೆ ಇಲ್ಲ, ಆ ಜಾಗದಲ್ಲಿ ಹೊಸಬರು ಇದ್ದಾರೆ ಅನ್ನುವುದು ಮೋಸ ಮಾಡುವವರಿಗೆ ಒಳ್ಳೆಯ ಸುದ್ದಿ. ಅವರು ಸಪ್ಲೈಯರ್ ಹೆಸರಿನಲ್ಲಿ ಬರೆಯುತ್ತಾರೆ: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮೊದಲಿದ್ದವರಿಗೆ ಹೇಳಿದ್ದೆವು, ಈ ಸಲದಿಂದ ಹೊಸ ಖಾತೆಗೆ ಹಾಕಿ." ಹೊಸಬರಿಗೆ ನಿಮ್ಮನ್ನು ಕೇಳುವ ಹಾಗಿಲ್ಲ. ಹಾಗಾಗಿ ಕೆಲಸ ಒಪ್ಪಿಸುವಾಗ ಬರೆದು ಕೊಡಿ: ಖಾತೆ ಬದಲಾವಣೆಗೆ ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ, ಅಂಥ ಮೇಲ್ ಬಂದರೆ ಅದರಲ್ಲಿರುವ ನಂಬರ್‌ಗೆ ಅಲ್ಲ, ನಮ್ಮ ಹಳೆಯ ದಾಖಲೆಯಲ್ಲಿರುವ ನಂಬರ್‌ಗೆ ಫೋನ್ ಮಾಡಿ ಕೇಳಬೇಕು. ಇದೇ ಕಾರಣಕ್ಕೆ ಹೊರಗಿನವರ ಸಂದೇಶದಲ್ಲಿ ಮ್ಯಾನೇಜರ್ ಹೆಸರು, ಸಹೋದ್ಯೋಗಿಯ ಮೊಬೈಲ್ ನಂಬರ್ ಹಾಕುವುದು ಬೇಡ.

ಆಟೋ ರಿಪ್ಲೈ ಮನುಷ್ಯರಿಗೆ ಮಾತ್ರ ಉಪಯೋಗ ಅನ್ನುವುದನ್ನೂ ಗಮನಿಸಿ. ಸಾಫ್ಟ್‌ವೇರ್ ನವೀಕರಣದ ನೋಟಿಸ್, ಸಪ್ಲೈಯರ್ ಪೋರ್ಟಲ್‌ನ ಸೂಚನೆ, ಲಾಗಿನ್ ಕೋಡ್ ಇವೆಲ್ಲ ಯಂತ್ರಗಳು ಕಳಿಸುವ ಮೇಲ್. ಎಷ್ಟೋ ಸಲ ಅವುಗಳಿಗೆ ಆಟೋ ರಿಪ್ಲೈ ಹೋಗುವುದೇ ಇಲ್ಲ, ಹೋದರೂ ಓದುವವರಿಲ್ಲ. ಹೋದ ಮೂರು ತಿಂಗಳ ಇನ್‌ಬಾಕ್ಸ್‌ನಲ್ಲಿ "noreply" ಅಂತ ಹುಡುಕಿ. ಯಾವ್ಯಾವ ಸೇವೆ ನಿಮ್ಮ ಐಡಿಗೆ ಕಟ್ಟಿಕೊಂಡಿದೆ ಅಂತ ಬಹುಪಾಲು ಸಿಗುತ್ತದೆ. ರಜೆಗೆ ಮುಂಚೆ ಆ ಖಾತೆಗಳಲ್ಲಿ ಸಂಪರ್ಕದ ವಿಳಾಸವನ್ನು ಕೆಲಸದ ಹೆಸರಿನ ವಿಳಾಸಕ್ಕೆ ಬದಲಿಸಿ.

ಪದೇ ಪದೇ ಮೇಲ್ ಮಾಡುವ ಗ್ರಾಹಕರನ್ನು, ಸಪ್ಲೈಯರ್‌ಗಳನ್ನು ಆಟೋ ರಿಪ್ಲೈಗೆ ಬಿಡಬೇಡಿ. ಮೇ ಮಧ್ಯದಲ್ಲಿ ಅವರಿಗೆ ನೀವೇ ಒಂದು ಮೇಲ್ ಬರೆಯಿರಿ, ಹೊಸ ವಿಳಾಸವನ್ನು ಸಿಸಿಯಲ್ಲಿ ಇಡಿ. ಅವರು "Reply all" ಒತ್ತಿದರೂ ಸಾಕು, ಹೊಸ ವಿಳಾಸ ಅವರ ಮೇಲ್‌ಗೆ ಪರಿಚಯವಾಗುತ್ತದೆ.

ಕಡೆಯದಾಗಿ ಸೆಪ್ಟೆಂಬರ್. ಕೆಲಸದ ಹೆಸರಿನ ವಿಳಾಸ ಇದ್ದರೆ ಸಂದೇಶ ಮುಟ್ಟಬೇಕಾಗಿಲ್ಲ, ಆ ವಿಳಾಸದ ಹಿಂದಿನ ವ್ಯಕ್ತಿ ಬದಲಾದರೆ ಆಯಿತು. ವ್ಯಕ್ತಿಯ ಹೆಸರನ್ನೇ ಹಾಕಿದ್ದರೆ ಯಾರಾದರೂ ತಿದ್ದಬೇಕು. ಆ ಕೆಲಸ ನಿಮ್ಮದಾಗಬಾರದು, ರಜೆಯಲ್ಲಿ ಲಾಗಿನ್ ಆಗಿ ಕೂರಬೇಡಿ. ಮೈಕ್ರೋಸಾಫ್ಟ್ 365ರಲ್ಲಿ ಅಡ್ಮಿನ್ ಆದವರು ನಿಮ್ಮ ಪರವಾಗಿ ಆಟೋ ರಿಪ್ಲೈ ಬದಲಿಸಬಹುದು, ಪಾಸ್‌ವರ್ಡ್ ಕೊಡಬೇಕಾಗಿಲ್ಲ. ಬೇರೆ ವ್ಯವಸ್ಥೆ ಇದ್ದರೆ ಹಾಗೆ ಮಾಡಲು ಆಗುತ್ತದಾ ಅಂತ ಈಗಲೇ ಕೇಳಿ. ತಿಂಗಳಿಗೊಮ್ಮೆ ಆಫ್ ಮಾಡಿ ಆನ್ ಮಾಡುವ ಕೆಲಸವನ್ನೂ ಅವರಿಗೇ ಹೇಳಿ. ಮ್ಯಾನೇಜರ್ ಕ್ಯಾಲೆಂಡರ್‌ನಲ್ಲಿ ಎರಡು ದಿನ ಗುರುತು ಹಾಕಿಸಿ. ಒಂದು ಸೆಪ್ಟೆಂಬರ್ 1: ಅಂದು ಯಾರಾದರೂ ಹೊರಗಿನ ಐಡಿಯಿಂದ ನಿಮಗೆ ಮೇಲ್ ಕಳಿಸಬೇಕು, ಬಂದ ಉತ್ತರದಲ್ಲಿರುವ ಎರಡೂ ವಿಳಾಸಗಳಿಗೆ ಮತ್ತೆ ಬರೆದು ನೋಡಬೇಕು. ಇನ್ನೊಂದು ನವೆಂಬರ್ 16: ಅಷ್ಟರಲ್ಲಿ ರಜೆ ಮುಂದೆ ಹೋಗುತ್ತದಾ ಇಲ್ಲವಾ ಅಂತ ನಿಮಗೆ ಗೊತ್ತಾಗಿರುತ್ತದೆ, "ಡಿಸೆಂಬರ್ ಮಧ್ಯ" ಅನ್ನುವ ಮಾತನ್ನು ಹಾಗೇ ಬಿಡಬೇಕಾ ಬದಲಿಸಬೇಕಾ ಅಂತ ಅಂದು ತೀರ್ಮಾನಿಸಿ.